ಗೆಳೆಯನ ಹೆಸರಲ್ಲಿ ದುಡ್ಡು ಕೇಳುವ ನಕಲಿ ಖಾತೆ: ಹಿಡಿಯುವುದು ಹೇಗೆ?

"ನನ್ನ ಫೇಸ್‌ಬುಕ್ ಹ್ಯಾಕ್ ಆಗಿದೆ, ಯಾರೂ ದುಡ್ಡು ಕಳಿಸಬೇಡಿ" ಎಂಬ ಪೋಸ್ಟನ್ನು ನೀವೂ ನೋಡಿರುತ್ತೀರಿ. ಅದನ್ನು ಹಾಕಿದವರು ಗಾಬರಿಯಲ್ಲಿ ಪಾಸ್‌ವರ್ಡ್ ಬದಲಿಸಿರುತ್ತಾರೆ. ಮರುದಿನವೂ ಅವರ ಹೆಸರಲ್ಲಿ ಮೆಸೇಜ್ ಹೋಗುತ್ತಲೇ ಇರುತ್ತದೆ. ಯಾಕೆಂದರೆ ಹೆಚ್ಚಿನ ಸಲ ಅಲ್ಲಿ ಹ್ಯಾಕ್ ಆಗಿರುವುದೇ ಇಲ್ಲ. ಅವರ ಖಾತೆ ಅವರ ಕೈಯಲ್ಲೇ ಇದೆ. ಬೇರೆ ಯಾರೋ ಅವರ ಹೆಸರು, ಫೋಟೊ ಹಾಕಿಕೊಂಡು ಇನ್ನೊಂದು ಖಾತೆ ತೆರೆದಿದ್ದಾರೆ, ಅಷ್ಟೆ. ನಿಮ್ಮ ಮನೆಯ ಬೀಗ ಒಡೆಯದೆ, ಅದೇ ನೇಮ್ ಬೋರ್ಡ್ ಬರೆಸಿ ಪಕ್ಕದ ಬೀದಿಯ ಮನೆಗೆ ಹೊಡೆದ ಹಾಗೆ. ನೀವು ಬೀಗ ಬದಲಿಸಿದರೆ ಆ ಬೋರ್ಡಿಗೆ ಏನೂ ಆಗುವುದಿಲ್ಲ.

ಇಂಥ ಖಾತೆ ಮಾಡಲು ಕಂಪ್ಯೂಟರ್ ವಿದ್ಯೆ ಏನೂ ಬೇಡ. ಒಂದು ಹೊಸ ಇಮೇಲ್ ಅಥವಾ ಸಿಮ್ ಇದ್ದರೆ ಸಾಕು. ಬೀಗ ಹಾಕದ ಪ್ರೊಫೈಲ್ ಆದರೆ ಹೆಸರು, ಪ್ರೊಫೈಲ್ ಫೋಟೊ, ಮೇಲಿನ ಕವರ್ ಫೋಟೊ ಎಲ್ಲರಿಗೂ ಕಾಣುತ್ತವೆ. ಅವನ್ನು ಇಳಿಸಿಕೊಳ್ಳುತ್ತಾರೆ. ಊರು, ಓದಿದ ಕಾಲೇಜು, ಕೆಲಸದ ಜಾಗ ನಕಲು ಮಾಡುತ್ತಾರೆ. ಆದರೆ ಅವರಿಗೆ ನಿಜವಾಗಿ ಬೇಕಾಗಿರುವುದು ಫೋಟೊ ಅಲ್ಲ, ಫ್ರೆಂಡ್ಸ್ ಲಿಸ್ಟ್. ಅದು ತೆರೆದಿದ್ದರೆ ಯಾರಿಗೆ ಮೆಸೇಜ್ ಹಾಕಬೇಕು ಎಂಬ ಪಟ್ಟಿ ಸಿದ್ಧವಾಗಿಯೇ ಸಿಗುತ್ತದೆ. ಲಿಸ್ಟ್ ಮುಚ್ಚಿದ್ದರೂ ಸಾರ್ವಜನಿಕ ಪೋಸ್ಟ್‌ಗಳಿಗೆ ಲೈಕ್ ಒತ್ತಿದವರು, "ಹುಟ್ಟುಹಬ್ಬದ ಶುಭಾಶಯ ಸರ್" ಎಂದು ಬರೆದವರು ಕಾಣುತ್ತಾರಲ್ಲ. ಅಷ್ಟೂ ಜನಕ್ಕೆ ಫ್ರೆಂಡ್ ರಿಕ್ವೆಸ್ಟ್ ಹೋಗುತ್ತದೆ.

ಕೊನೆಗೆ ಒಂದು ಜಾಣತನ ಮಾಡುತ್ತಾರೆ. ಅಸಲಿ ಖಾತೆಯನ್ನು ನಕಲಿ ಖಾತೆಯಿಂದ ಬ್ಲಾಕ್ ಮಾಡಿಬಿಡುತ್ತಾರೆ. ಆಮೇಲೆ ಅಸಲಿ ಮನುಷ್ಯ ತನ್ನದೇ ಹೆಸರು ಹಾಕಿ ಎಷ್ಟು ಹುಡುಕಿದರೂ ನಕಲಿ ಅವನಿಗೆ ಕಾಣುವುದಿಲ್ಲ. ಊರಿಗೆಲ್ಲ ಕಂಡರೂ ಅವನಿಗೆ ಮಾತ್ರ ಇಲ್ಲ. "ನಾನು ಹುಡುಕಿದೆ, ಅಂಥದ್ದೇನೂ ಇಲ್ವಲ್ಲ" ಎಂದು ಅವನು ಹೇಳಿದರೆ ಅದನ್ನು ನಂಬಿ ಸುಮ್ಮನಾಗಬೇಡಿ.

ಒಂದು ಉದಾಹರಣೆ ಕಟ್ಟಿಕೊಂಡು ಹೆಜ್ಜೆ ಹೆಜ್ಜೆಯಾಗಿ ನೋಡೋಣ. ತುಮಕೂರಿನಲ್ಲಿ ಮಹೇಶ ಎಂಬುವರು ಇದ್ದಾರೆ ಎಂದುಕೊಳ್ಳಿ. ಅವರ ಕಾಲೇಜಿನ ಗೆಳೆಯ ನಾಗರಾಜ ಶಿವಮೊಗ್ಗದಲ್ಲಿ ಉಪನ್ಯಾಸಕ. ಒಂದು ರಾತ್ರಿ ನಾಗರಾಜನ ಫೋಟೊ ಇರುವ ಫ್ರೆಂಡ್ ರಿಕ್ವೆಸ್ಟ್ ಬರುತ್ತದೆ. "ಇವನು ಆಗಲೇ ಲಿಸ್ಟ್‌ನಲ್ಲಿ ಇದ್ದನಲ್ಲ? ಹೊಸ ಅಕೌಂಟ್ ಮಾಡಿರಬೇಕು" ಎಂದು ಮಹೇಶ ಒಪ್ಪಿಕೊಳ್ಳುತ್ತಾರೆ. ಹತ್ತು ನಿಮಿಷಕ್ಕೆ ಮೆಸೆಂಜರ್‌ನಲ್ಲಿ ಮಾತು ಶುರು.

"ಹಾಯ್. ಹೌ ಆರ್ ಯೂ?"
"ಚೆನ್ನಾಗಿದೀನಿ ಕಣೋ, ನೀನು?"
"ಫೈನ್. ಗೂಗಲ್ ಪೇ ಇದೆಯಾ?"
"ಇದೆ, ಯಾಕೆ?"
"ಅರ್ಜೆಂಟಾಗಿ 15,000 ಬೇಕು. ಗೆಳೆಯನ ಹೆಂಡತಿ ಆಸ್ಪತ್ರೆಯಲ್ಲಿ. ನನ್ನ ಇವತ್ತಿನ ಲಿಮಿಟ್ ಮುಗಿದಿದೆ. ನಾಳೆ ಬೆಳಗ್ಗೆ 10ಕ್ಕೆ ವಾಪಸ್ ಹಾಕ್ತೀನಿ."

ಈ ಕೊನೆಯ ಮೆಸೇಜ್‌ನಲ್ಲಿ ಒಂದು ಮಾತೂ ಸುಮ್ನೆ ಬಂದಿಲ್ಲ. 15,000 ಎಂಬುದು ಮನೆಯಲ್ಲಿ ಯಾರನ್ನೂ ಕೇಳದೆ ಕೊಡಬಹುದಾದ ಮೊತ್ತ. ಆಸ್ಪತ್ರೆ ಎಂದರೆ ಹೆಚ್ಚು ಪ್ರಶ್ನೆ ಕೇಳಲು ಸಂಕೋಚ. "ಲಿಮಿಟ್ ಮುಗಿದಿದೆ" ಎಂದರೆ ಅವನ ಹತ್ತಿರ ದುಡ್ಡಿದೆ, ಕಳಿಸಲು ಆಗುತ್ತಿಲ್ಲ ಅಷ್ಟೆ ಎಂಬ ಭಾವನೆ ಬರುತ್ತದೆ. ಸಾಲ ಕೇಳುವ ಮುಜುಗರವೇ ಅಲ್ಲಿ ಇಲ್ಲ. ಇನ್ನು "ಗೆಳೆಯನ ಹೆಂಡತಿ" ಯಾಕೆ? ಸ್ವಂತ ಹೆಂಡತಿ ಎಂದಿದ್ದರೆ ಮಹೇಶ ನೇರವಾಗಿ ಅತ್ತಿಗೆಗೇ ಫೋನ್ ಮಾಡಿಬಿಡುತ್ತಿದ್ದರು. ದುಡ್ಡು ಹೋಗುವ ಖಾತೆಯಲ್ಲಿ ಬೇರೆ ಹೆಸರು ಕಂಡಾಗ ಕೊಡಬೇಕಾದ ಉತ್ತರವನ್ನೂ ಇದೇ ಕಥೆ ಮೊದಲೇ ಸಿದ್ಧ ಮಾಡಿಟ್ಟಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಪರೀಕ್ಷೆಯ ವಿಷಯ. ಇಲ್ಲಿ ಒಂದು ವ್ಯತ್ಯಾಸ ತಿಳಿದಿದ್ದರೆ ಉಳಿದದ್ದೆಲ್ಲ ಸುಲಭ. ಖಾತೆಯ ಒಳಗೆ ನೋಡಿ ಸಿಗುವ ಗುರುತುಗಳು "ಇದು ನಕಲಿ" ಎಂದು ಹೇಳಬಲ್ಲವು. "ಇದು ಅಸಲಿ" ಎಂದು ಹೇಳಲಾರವು. ಅದನ್ನು ಹೇಳಲು ಹೊರಗಿನ ಇನ್ನೊಂದು ದಾರಿಯೇ ಬೇಕು.

ಒಳಗಿನ ಗುರುತುಗಳನ್ನು ಮೊದಲು ನೋಡೋಣ. ಎಲ್ಲಕ್ಕಿಂತ ಒಳ್ಳೆಯದು ಹಳೆಯ ಚಾಟ್. ಮಹೇಶ, ನಾಗರಾಜ ವರ್ಷಗಟ್ಟಲೆ ಮೆಸೆಂಜರ್‌ನಲ್ಲಿ ಮಾತಾಡಿದ್ದಾರೆ. ಹೊಸ ಮೆಸೇಜ್ ಆ ಹಳೆಯ ಮಾತುಗಳ ಕೆಳಗೆ ಬಂದಿದೆಯೇ, ಇಲ್ಲಾ ಖಾಲಿ ಕಿಟಕಿಯಲ್ಲಿ ಹೊಸದಾಗಿ ಶುರುವಾಗಿದೆಯೇ? ಖಾಲಿ ಇದ್ದರೆ ಅದು ಬೇರೆ ಖಾತೆ. ಹಳೆಯ ಮಾತುಗಳ ಕೆಳಗೇ ಬಂದಿದ್ದರೆ ನಿರಾಳವಾಗಬೇಡಿ. ಆಗ ಅಸಲಿ ಖಾತೆಯೇ ಕಳ್ಳರ ಕೈಗೆ ಹೋಗಿರಬಹುದು, ಅಂದರೆ ನಿಜವಾದ ಹ್ಯಾಕ್. ಅದರಲ್ಲಿ ಕಳ್ಳ ಹಳೆಯ ಮಾತನ್ನೆಲ್ಲ ಓದಿಕೊಂಡು ನಾಗರಾಜನ ಧಾಟಿಯಲ್ಲೇ ಬರೆಯಬಲ್ಲ.

ಎರಡನೆಯದು, ಅದೇ ಹೆಸರನ್ನು ನಿಮ್ಮ ಫ್ರೆಂಡ್ಸ್ ಲಿಸ್ಟ್‌ನಲ್ಲಿ ಹುಡುಕುವುದು. ಇಬ್ಬರು ನಾಗರಾಜರು ಕಂಡರೆ ಎರಡೂ ಪ್ರೊಫೈಲ್ ತೆರೆದು ವಿಳಾಸ ಹೋಲಿಸಿ. ಪ್ರೊಫೈಲ್‌ನಲ್ಲಿ ಮೂರು ಚುಕ್ಕಿ ಒತ್ತಿದರೆ ಲಿಂಕ್ ಕಾಪಿ ಮಾಡಲು ಸಿಗುತ್ತದೆ, ಅದನ್ನು ಬ್ರೌಸರ್‌ನಲ್ಲಿ ತೆರೆದು ಮೇಲೆ ಕಾಣುವ ವಿಳಾಸ ನೋಡಿ. ಹಳೆಯ ಖಾತೆಯ ವಿಳಾಸದಲ್ಲಿ ಅವರೇ ಇಟ್ಟುಕೊಂಡ ಹೆಸರು ಇರಬಹುದು. ಆತುರದಲ್ಲಿ ಮಾಡಿದ ಖಾತೆಯಲ್ಲಿ ಸಾಮಾನ್ಯವಾಗಿ ಬರೀ ಅಂಕಿ ಇರುತ್ತದೆ, ಹೀಗೆ:

```
facebook.com/profile.php?id=...
```

ಇದೊಂದೇ ಸಾಲದು. ಹೆಸರು ಆರಿಸಿಕೊಳ್ಳದ ಎಷ್ಟೋ ಹಳೆಯ ಖಾತೆಗಳಿಗೂ ಅಂಕಿಯೇ ಇರುತ್ತದೆ. ಆದರೆ ಎರಡು ವಿಳಾಸ ಬೇರೆ ಬೇರೆ ಎಂದು ಕಂಡ ಮೇಲೆ ಎರಡು ಖಾತೆ ಇವೆ ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ.

ಮೂರನೆಯದಾಗಿ ಗೋಡೆಯ ಮೇಲಿನ ಫೋಟೊಗಳನ್ನು ನೋಡಿ. ಹತ್ತು ವರ್ಷದ ಫೋಟೊಗಳೆಲ್ಲ ಒಂದೇ ದಿನ, ಒಂದರ ಹಿಂದೆ ಒಂದು ಏರಿವೆಯೇ? ಮದುವೆ ಫೋಟೊಗೆ ಒಂದೇ ಒಂದು ಕಾಮೆಂಟ್ ಇಲ್ಲವೇ? ಅಸಲಿ ಖಾತೆಯಲ್ಲಿ ಆ ಫೋಟೊ ಕೆಳಗೆ ಯಾರೋ ಚಿಕ್ಕಮ್ಮ, ಯಾರೋ ಹಳೆ ಸಹೋದ್ಯೋಗಿ ಬರೆದ ನಾಲ್ಕು ಸಾಲು ಇದ್ದೇ ಇರುತ್ತದೆ. ಫೋಟೊ ನಕಲು ಮಾಡುವುದು ಸುಲಭ, ಅದರ ಕೆಳಗಿನ ಜನರನ್ನು ನಕಲು ಮಾಡಲು ಆಗುವುದಿಲ್ಲ. ಇನ್‌ಸ್ಟಾಗ್ರಾಂ ಆದರೆ ಪ್ರೊಫೈಲ್‌ನ ಮೂರು ಚುಕ್ಕಿಯೊಳಗೆ `About this account` ಎಂದಿರುತ್ತದೆ. ಖಾತೆ ಯಾವ ತಿಂಗಳು ಶುರುವಾಯಿತು ಎಂದು ಅಲ್ಲಿ ನೋಡಬಹುದು.

ಇದಕ್ಕೂ ಕಳ್ಳರು ಅಡ್ಡಗಾಲು ಹಾಕುತ್ತಾರೆ. 2020ರ ಮೇ ತಿಂಗಳಲ್ಲಿ ಫೇಸ್‌ಬುಕ್ ಭಾರತದಲ್ಲಿ ಪ್ರೊಫೈಲ್ ಲಾಕ್ ಸೌಲಭ್ಯ ತಂದಿತು. ಮುಖ್ಯವಾಗಿ ಹೆಣ್ಣುಮಕ್ಕಳ ಫೋಟೊ ದುರುಪಯೋಗ ಆಗದಿರಲಿ ಎಂದು. ಒಳ್ಳೆಯ ಸೌಲಭ್ಯವೇ. ಆದರೆ ನಕಲಿ ಖಾತೆಗೂ ಅದೇ ಬೀಗ ಹಾಕಬಹುದು. ಆಗ ರಿಕ್ವೆಸ್ಟ್ ಒಪ್ಪುವ ಮುಂಚೆ ನಿಮಗೆ ಚಿಕ್ಕ ಫೋಟೊ, ಹೆಸರು ಬಿಟ್ಟು ಹೆಚ್ಚೇನೂ ಕಾಣುವುದಿಲ್ಲ.

ಜನ ಹೆಚ್ಚು ನಂಬುವ, ನಂಬಬಾರದ ಒಂದು ಗುರುತು ಇದೆ. "ನಮ್ಮಿಬ್ಬರಿಗೂ 23 ಜನ ಮ್ಯೂಚುವಲ್ ಫ್ರೆಂಡ್ಸ್ ಇದ್ದಾರೆ, ಹಾಗಾಗಿ ಅಸಲಿ." ಆ 23 ಜನರೂ ನಿಮ್ಮ ಹಾಗೆಯೇ "ಹೊಸ ಅಕೌಂಟ್ ಇರಬೇಕು" ಎಂದು ಒಪ್ಪಿಕೊಂಡವರು. ಮೊದಲ ಇಬ್ಬರು ಒಪ್ಪಿದ್ದನ್ನು ನೋಡಿ ಮೂರನೆಯವರು ಒಪ್ಪಿರುತ್ತಾರೆ.

ಪ್ರಶ್ನೆ ಕೇಳಿ ಪರೀಕ್ಷೆ ಮಾಡುವವರೂ ಇದ್ದಾರೆ. "ನಾವು ಓದಿದ ಕಾಲೇಜು ಯಾವುದು ಹೇಳು?" ಇದು ಕೆಲಸಕ್ಕೆ ಬಾರದ ಪ್ರಶ್ನೆ. ಉತ್ತರ ಪ್ರೊಫೈಲ್‌ನಲ್ಲೇ ಬರೆದಿರುತ್ತದೆ. ಅದಕ್ಕಿಂತ ಇಲ್ಲದ್ದನ್ನು ಇದೆ ಎಂದುಕೊಂಡು ಕೇಳುವುದು ಮೇಲು. ನಾಗರಾಜನಿಗೆ ಅಕ್ಕನೇ ಇಲ್ಲ. ಮಹೇಶ ಹೀಗೆ ಕೇಳಬಹುದು: "ಆಯ್ತು ಕಣೋ, ಅಕ್ಕ ಮೈಸೂರಿಂದ ಬಂದ್ರಾ?" ಅಸಲಿ ನಾಗರಾಜ "ಯಾವ ಅಕ್ಕನೋ, ಕುಡಿದಿದೀಯಾ?" ಎನ್ನುತ್ತಾನೆ. ನಕಲಿ "ಹಾಂ ಬಂದಿದ್ದಾರೆ, ಬೇಗ ಕಳಿಸು" ಎನ್ನುತ್ತಾನೆ. ಇಂಥ ಉತ್ತರ ಬಂದರೆ ಕಳ್ಳ ಸಿಕ್ಕಿಬಿದ್ದ. ಆದರೆ ಅವನು ಪ್ರಶ್ನೆಯನ್ನೇ ಜಾರಿಸಿ "ಈಗ ಟೈಮ್ ಇಲ್ಲ" ಎಂದರೆ ನಿಮಗೆ ಏನೂ ಗೊತ್ತಾದಂತಾಗಲಿಲ್ಲ. ಮೊತ್ತದ ಚೌಕಾಸಿಯನ್ನೂ ಗಮನಿಸಿ. "ನನ್ನ ಹತ್ರ ಅಷ್ಟಿಲ್ಲ" ಎಂದರೆ 15,000 ಹೋಗಿ 8,000, ಆಮೇಲೆ 3,000 ಆಗುತ್ತದೆ. ಆಸ್ಪತ್ರೆಯ ಬಿಲ್ಲು ಹಾಗೆ ಇಳಿಯುವುದನ್ನು ಯಾರು ನೋಡಿದ್ದಾರೆ?

ಇಷ್ಟೆಲ್ಲ ಬೇಕೇ ಬೇಕು ಎಂದಿಲ್ಲ. ಹೊರಗಿನ ದಾರಿ ಚಿಕ್ಕದು: ನಿಮ್ಮ ಫೋನ್‌ನಲ್ಲಿ ಮೊದಲಿಂದ ಇರುವ ನಾಗರಾಜನ ನಂಬರ್‌ಗೆ ನೀವೇ ಕರೆ ಮಾಡುವುದು. ಇದರಲ್ಲಿ ಪ್ರತಿ ಪದಕ್ಕೂ ಕಾರಣ ಇದೆ. ಚಾಟ್‌ನಲ್ಲಿ ಈಗ ಕೊಟ್ಟ ನಂಬರ್‌ಗೆ ಮಾಡಿದರೆ ಅದು ಕಳ್ಳನಿಗೇ ಹೋಗುತ್ತದೆ. ಮೆಸೆಂಜರ್ ಕಾಲ್ ಕೂಡ ಅದೇ ಖಾತೆಗೆ ಹೋಗುತ್ತದೆ. ಮೆಸೇಜ್ ವಾಟ್ಸಾಪ್‌ನಲ್ಲಿ ಬಂದಿದ್ದರೆ ವಾಟ್ಸಾಪ್ ಕಾಲ್ ಬೇಡ, ಮಾಮೂಲಿ ಕಾಲ್ ಮಾಡಿ. ವಾಟ್ಸಾಪ್ ಖಾತೆಯೇ ಕಳ್ಳರ ಪಾಲಾಗಿದ್ದರೆ ಆ ಕರೆ ಅವರ ಫೋನ್‌ನಲ್ಲಿ ರಿಂಗಾಗುತ್ತದೆ, ಮಾಮೂಲಿ ಕರೆ ಸಾಮಾನ್ಯವಾಗಿ ಸಿಮ್ ಇರುವ ಕಡೆ ಹೋಗುತ್ತದೆ. "ನೀವೇ" ಎಂದದ್ದೂ ಮುಖ್ಯ. ಈಗ ಧ್ವನಿಯನ್ನೂ ನಕಲು ಮಾಡುವ ಕಾಲ. ಗೊತ್ತಿಲ್ಲದ ನಂಬರ್‌ನಿಂದ ಬಂದ ಕರೆಯಲ್ಲಿ ನಾಗರಾಜನ ದನಿ ಕೇಳಿದರೂ ಅದು ಸಾಕ್ಷಿ ಆಗುವುದಿಲ್ಲ. ಕರೆ ಕಟ್ ಮಾಡಿ ಹಳೆ ನಂಬರ್‌ಗೆ ನೀವು ಮಾಡಬೇಕು.

ನಾಗರಾಜ ಫೋನ್ ಎತ್ತಲಿಲ್ಲ, ರಾತ್ರಿ 11 ಆಗಿದೆ ಎಂದುಕೊಳ್ಳೋಣ. ಆಗ ಮನೆಯವರಿಗೆ ಮಾಡಿ, ಅಥವಾ ಶಿವಮೊಗ್ಗದಲ್ಲಿರುವ ಇನ್ನೊಬ್ಬ ಗೆಳೆಯನಿಗೆ. ಗೆಳೆಯ ದುಬೈ, ಅಮೆರಿಕದಲ್ಲಿದ್ದು ನಂಬರ್ ಬದಲಿಸಿದ್ದರೆ ಊರಿನಲ್ಲಿರುವ ಅವನ ತಮ್ಮನನ್ನೋ ಭಾವನನ್ನೋ ಕೇಳಬಹುದು. ಚಾಟ್‌ನಲ್ಲಿ "ಐಸಿಯು ಮುಂದೆ ಇದೀನಿ, ಮಾತಾಡೋಕಾಗಲ್ಲ", "ಮೈಕ್ ಕೆಟ್ಟಿದೆ" ಎಂದು ಬರುತ್ತದೆ. ಬರಲಿ. ಯಾರೂ ಸಿಗದಿದ್ದರೆ ದುಡ್ಡು ಕಳಿಸದೆ ಕಾಯುವುದೇ ಸರಿ. ನಿಜಕ್ಕೂ ಕಷ್ಟದಲ್ಲಿರುವವನು ಮೆಸೆಂಜರ್‌ನಲ್ಲಿ ಟೈಪ್ ಮಾಡುತ್ತಾ ಕೂರುವುದಿಲ್ಲ, ಫೋನ್ ಮಾಡುತ್ತಾನೆ.

ಈಗ ಯುಪಿಐ ಪರದೆಗೆ ಬರೋಣ. ಮಹೇಶ ಫೋನ್ ಮಾಡದೆ ಕಳಿಸಲು ಹೊರಟರು ಎನ್ನಿ. ಕಳ್ಳ ಕೊಟ್ಟ ನಂಬರ್ ಹಾಕಿದಾಗ ಒಂದು ಹೆಸರು ಬರುತ್ತದೆ. ಬ್ಯಾಂಕ್ ದಾಖಲೆಯಲ್ಲಿರುವ ಹೆಸರನ್ನೇ ತೋರಿಸಬೇಕು ಎಂದು ಯುಪಿಐ ನಡೆಸುವ ಎನ್‌ಪಿಸಿಐ 2025ರಲ್ಲಿ ಆ್ಯಪ್‌ಗಳಿಗೆ ಸೂಚಿಸಿತು. ಆ ವರ್ಷದ ಜೂನ್ ಕೊನೆಯವರೆಗೆ ಗಡುವು ಕೊಟ್ಟಿತ್ತು. ಹಾಗಾಗಿ ಅಲ್ಲಿ ಕಾಣುವುದು ಖಾತೆದಾರನ ಹೆಸರು. ಅದು ನಾಗರಾಜ ಅಲ್ಲ, ಕೇಳಿಯೇ ಇಲ್ಲದ ಯಾವುದೋ ಹೆಸರು. "ಅದು ಡಾಕ್ಟರ್ ನಂಬರ್ ಕಣೋ" ಎಂದು ಉತ್ತರ ಬರುತ್ತದೆ. ಮೊದಲೇ ಹೇಳಿದೆನಲ್ಲ, ಆ ಕಥೆ ಇದಕ್ಕಾಗಿಯೇ ಇತ್ತು. ಆ ಖಾತೆ ಸಾಮಾನ್ಯವಾಗಿ ಕಳ್ಳನದ್ದೂ ಅಲ್ಲ. ಕಮಿಷನ್ ಆಸೆಗೆ ಬೇರೆ ಯಾರೋ ಬಾಡಿಗೆಗೆ ಕೊಟ್ಟದ್ದು. ಪೊಲೀಸರು ಇದಕ್ಕೆ ಮ್ಯೂಲ್ ಅಕೌಂಟ್ ಎನ್ನುತ್ತಾರೆ. ಕೆಲವರು ಮೊದಲು 1 ರೂಪಾಯಿ ಕಳಿಸಿ "ಬಂತಾ?" ಎಂದು ಕೇಳುತ್ತಾರೆ. "ಬಂತು" ಎಂಬ ಉತ್ತರದಿಂದ ಗೊತ್ತಾಗುವುದು ಆ ಖಾತೆಗೆ ದುಡ್ಡು ಹೋಗುತ್ತದೆ ಎಂಬುದಷ್ಟೇ. ಆ ಕಡೆ ಕೂತವನು ಯಾರು ಎಂದಲ್ಲ. ಟ್ರೂಕಾಲರ್‌ನಲ್ಲಿ "ಡಾಕ್ಟರ್" ಎಂದು ಬಂದರೂ ಅಷ್ಟೆ. ಆ ಹೆಸರನ್ನು ಯಾರು ಬೇಕಾದರೂ ಬರೆಯಬಹುದು.

ಇದೇ ಮೋಸದ ಇನ್ನೊಂದು ರೂಪ ದುಡ್ಡನ್ನೇ ಕೇಳುವುದಿಲ್ಲ. ನಕಲಿ ಖಾತೆ ಮೊದಲು ನಿಮ್ಮ ಫೋನ್ ನಂಬರ್ ಕೇಳುತ್ತದೆ. ಆಮೇಲೆ, "ನನ್ನ ಗೆಳೆಯ ಸಿಆರ್‌ಪಿಎಫ್ ಅಧಿಕಾರಿ, ಟ್ರಾನ್ಸ್‌ಫರ್ ಆಗಿದೆ, ಮನೆ ಫರ್ನಿಚರ್ ಅರ್ಧ ಬೆಲೆಗೆ ಕೊಡ್ತಾನೆ, ಮಾತಾಡು" ಎನ್ನುತ್ತದೆ. ಆ "ಅಧಿಕಾರಿ" ವಾಟ್ಸಾಪ್‌ನಲ್ಲಿ ಸೋಫಾ, ಫ್ರಿಡ್ಜ್, ಬೈಕಿನ ಫೋಟೊ ಕಳಿಸಿ ಮುಂಗಡ ಕೇಳುತ್ತಾನೆ. ಜಿಲ್ಲಾಧಿಕಾರಿ, ಪೊಲೀಸ್ ಅಧಿಕಾರಿಗಳ ಹೆಸರಿನ ನಕಲಿ ಖಾತೆಗಳಿಂದಲೂ ಹೀಗೆ ಮಾಡಿದ್ದಾರೆ. ಸಾಲ ಕೇಳಿದರೆ ಎಚ್ಚರವಾಗುವವರು ಇಲ್ಲಿ ಬೀಳುತ್ತಾರೆ. ಯಾಕೆಂದರೆ ಗೆಳೆಯ ತನಗಾಗಿ ಏನೂ ಕೇಳಲಿಲ್ಲ, ಪರಿಚಯ ಮಾಡಿಸಿದ ಅಷ್ಟೆ. ಪರೀಕ್ಷೆ ಮಾತ್ರ ಅದೇ: ಗೆಳೆಯನ ಹಳೆ ನಂಬರ್‌ಗೆ ಒಂದು ಕರೆ.

ದುಡ್ಡು ಹೋಗಿಬಿಟ್ಟಿದ್ದರೆ? ಯುಪಿಐನಲ್ಲಿ ಕಳಿಸಿದವರು ವಾಪಸ್ ಎಳೆದುಕೊಳ್ಳುವ ಬಟನ್ ಇಲ್ಲ. ಪಿನ್ ಒತ್ತಿದವರು ನೀವೇ ಆದ್ದರಿಂದ ನಿಮಗೆ ಗೊತ್ತಿಲ್ಲದೆ ದುಡ್ಡು ಹೋದಾಗ ಸಿಗುವಂಥ ಪರಿಹಾರ ಬ್ಯಾಂಕ್‌ನಿಂದ ಸಿಗುವುದು ಕಷ್ಟ. ಆಗ ಉಳಿದಿರುವುದು ಆ ದುಡ್ಡು ಕೈ ಬದಲಾಗುವ ಮುಂಚೆ ಅದನ್ನು ತಡೆಯುವುದು. ಅದಕ್ಕೇ 1930 ಎಂಬ ಸಹಾಯವಾಣಿ ಇರುವುದು. ಕೇಂದ್ರ ಗೃಹ ಸಚಿವಾಲಯ 2021ರಲ್ಲಿ ಇದನ್ನು ಶುರು ಮಾಡಿದಾಗ ನಂಬರ್ 155260 ಇತ್ತು, ಆಮೇಲೆ 1930 ಆಯಿತು. ಇಲ್ಲಿ ದೂರು ದಾಖಲಾದ ಕೂಡಲೇ ದುಡ್ಡು ಹೋದ ಬ್ಯಾಂಕಿಗೆ ಸೂಚನೆ ಹೋಗುತ್ತದೆ. ಆ ಖಾತೆಯಲ್ಲಿ ಇನ್ನೂ ಉಳಿದಿದ್ದರೆ ಅಷ್ಟನ್ನು ಅವರು ತಡೆಹಿಡಿಯುತ್ತಾರೆ. ಬೇರೆ ಬ್ಯಾಂಕಿಗೆ ದಾಟಿದ್ದರೆ ಸೂಚನೆಯೂ ಅಲ್ಲಿಗೆ ದಾಟುತ್ತದೆ. ಹಾಗಾಗಿ ಇದು ದುಡ್ಡಿನ ಹಿಂದೆ ಓಡುವ ಓಟ. ಕಳ್ಳರು ಕೆಲವೇ ನಿಮಿಷದಲ್ಲಿ ದುಡ್ಡನ್ನು ಹಂಚಿಬಿಡುತ್ತಾರೆ, ಎಟಿಎಂನಲ್ಲಿ ತೆಗೆದೂ ಬಿಡುತ್ತಾರೆ. ಬೆಳಿಗ್ಗೆ ನೋಡೋಣ ಎಂದು ಮಲಗಿದರೆ ತಡೆಯಲು ಏನೂ ಉಳಿದಿರುವುದಿಲ್ಲ.

ಕರೆ ಮಾಡುವಾಗ ಯುಪಿಐ ಆ್ಯಪ್‌ನಲ್ಲಿ ಆ ವಹಿವಾಟು ತೆರೆದಿಟ್ಟುಕೊಳ್ಳಿ. ಅದರಲ್ಲಿ ಯುಟಿಆರ್ ಎಂದು 12 ಅಂಕಿಯ ಸಂಖ್ಯೆ ಇರುತ್ತದೆ. ಅದು, ಮೊತ್ತ, ಸಮಯ, ನಿಮ್ಮ ಬ್ಯಾಂಕ್, ದುಡ್ಡು ಹೋದ ನಂಬರ್ ಅಥವಾ ಯುಪಿಐ ಐಡಿ, ಇಷ್ಟು ಕೇಳುತ್ತಾರೆ. 1930 ಸಿಗದಿದ್ದರೆ `cybercrime.gov.in` ತಾಣದಲ್ಲಿ ನೇರವಾಗಿ ದೂರು ಕೊಡಬಹುದು. ಕರ್ನಾಟಕದ ಜಿಲ್ಲೆಗಳಲ್ಲಿ ಸೈಬರ್ ಅಪರಾಧ ನೋಡುವ ಸೆನ್ ಠಾಣೆಗಳಿವೆ. ದೂರಿನ ಸಂಖ್ಯೆ ಹಿಡಿದು ಅಲ್ಲಿಗೂ ಹೋಗಿ. ದುಡ್ಡು ತಡೆಹಿಡಿದ ಮಾತ್ರಕ್ಕೆ ನಿಮ್ಮ ಖಾತೆಗೆ ವಾಪಸ್ ಬರುವುದಿಲ್ಲ. ಪೊಲೀಸ್ ಮೂಲಕ, ಕೆಲವೊಮ್ಮೆ ಕೋರ್ಟ್ ಮೂಲಕ ಬರಬೇಕು, ಹೊತ್ತು ಹಿಡಿಯುತ್ತದೆ. ಈ ಕಾಯುವ ಹೊತ್ತಿನಲ್ಲಿ "ನಿಮ್ಮ ದುಡ್ಡು ಬಿಡಿಸಿಕೊಡುತ್ತೇವೆ, ಫೀಸ್ ಕಟ್ಟಿ" ಎಂದು ಬರುವ ಕರೆ ಎರಡನೇ ಮೋಸ.

ದುಡ್ಡು ಕಳಿಸದವರಿಗೂ ಒಂದು ಕೆಲಸ ಇದೆ. ಕಳ್ಳ ಎಂದು ಗೊತ್ತಾದ ಕೂಡಲೇ ಬೈದು ಬ್ಲಾಕ್ ಮಾಡುವವರೇ ಜಾಸ್ತಿ. ಅದಕ್ಕೂ ಮುಂಚೆ ಚಾಟ್, ಕೊಟ್ಟ ನಂಬರ್, ಪ್ರೊಫೈಲ್ ಇವುಗಳ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಲಿಂಕ್ ಕಾಪಿ ಮಾಡಿಕೊಳ್ಳಿ. ಆಮೇಲೆ ಮೂರು ಚುಕ್ಕಿ ಒತ್ತಿ, ಇದು ನನ್ನ ಗೆಳೆಯನಂತೆ ನಟಿಸುತ್ತಿರುವ ಖಾತೆ ಎಂದು ರಿಪೋರ್ಟ್ ಮಾಡಿ, ಅಸಲಿ ನಾಗರಾಜನ ಖಾತೆ ತೋರಿಸಿ. ಬ್ಲಾಕ್ ಕೊನೆಗೆ. ನಾಗರಾಜನಿಗೆ ನಕಲಿ ಖಾತೆ ಕಾಣುವುದಿಲ್ಲವಾದ್ದರಿಂದ ಈ ಲಿಂಕ್ ನಿಮ್ಮಂಥ ಗೆಳೆಯರಿಂದಲೇ ಅವನಿಗೆ ಸಿಗಬೇಕು. ಬರೀ ಸ್ಕ್ರೀನ್‌ಶಾಟ್ ಸಾಲದು. ಅದೇ ಹೆಸರಿನ ಎಷ್ಟೋ ಜನ ಇರುತ್ತಾರೆ.

ನಾಗರಾಜ ಮಾಡಬೇಕಾದ್ದು ಪಾಸ್‌ವರ್ಡ್ ಬದಲಾವಣೆ ಅಲ್ಲ. ಸೆಟ್ಟಿಂಗ್ಸ್‌ನಲ್ಲಿ `Who can see your friends list?` ಎಂದಿರುವಲ್ಲಿ `Only me` ಇಡುವುದು. ಜೊತೆಗೆ ತನ್ನ ಗೋಡೆಯ ಮೇಲೆ ಮಾತ್ರವಲ್ಲ, ವಾಟ್ಸಾಪ್ ಸ್ಟೇಟಸ್‌ನಲ್ಲೂ ವಿಷಯ ಹಾಕುವುದು. ನಕಲಿ ಖಾತೆ ಒಪ್ಪಿಕೊಂಡವರು ಫೇಸ್‌ಬುಕ್ ಪೋಸ್ಟ್ ನೋಡಿರಬೇಕೆಂದೇನಿಲ್ಲ.

ಲಿಂಕ್ ಇಟ್ಟುಕೊಳ್ಳಿ ಎಂದು ಒತ್ತಿ ಹೇಳಲು ಇನ್ನೊಂದು ಕಾರಣವೂ ಇದೆ. ಗುಟ್ಟು ರಟ್ಟಾದಾಗ ಕಳ್ಳರು ಎಲ್ಲ ಸಲ ಖಾತೆ ಮುಚ್ಚುವುದಿಲ್ಲ. ಹೆಸರು, ಫೋಟೊ ಬದಲಿಸಿ ಅದನ್ನೇ ಇನ್ನೊಬ್ಬರ ನಕಲಾಗಿ ಮಾಡಿಕೊಳ್ಳಬಹುದು. ಆಗ "ನಾಗರಾಜ" ಎಂದು ಹುಡುಕಿದರೆ ಪೊಲೀಸರಿಗೂ ಏನೂ ಸಿಗುವುದಿಲ್ಲ. ಆದರೆ `id=` ಮುಂದಿನ ಅಂಕಿ ಹೆಸರು ಬದಲಿಸಿದರೂ ಬದಲಾಗುವುದಿಲ್ಲ. ದೂರಿನಲ್ಲಿ ಬರೆಯಬೇಕಾದ್ದು ಆ ಅಂಕಿಯನ್ನೇ.